ಹೊಳೆಯ ಡೊಂಕೂ ದಂಡೆಯ ಜಮೀನೂ

ದಾವಣಗೆರೆ ತಾಲ್ಲೂಕಿನ ಆನಗೋಡು ಹೊಳೆಯ ದಂಡೆಯ ಮೇಲಿರುವ ಗ್ರಾಮವಲ್ಲ. ಅಲ್ಲಿಂದ ತುಂಗಭದ್ರೆಯನ್ನು ನೋಡಬೇಕಾದರೆ ದಾವಣಗೆರೆಯನ್ನು ದಾಟಿ ಹರಿಹರಕ್ಕೆ ಹೋಗಬೇಕು. ಆದಾಗ್ಯೂ ಒಂದು ಬಲವಾದ ಮಳೆ ಸುರಿದ ಮರುದಿನ ಆ ಭಾಗದ ಯಾವುದಾದರೊಂದು ಮರಳುಹಳ್ಳಕ್ಕೆ ಇಳಿದು ನೋಡಿದವರಿಗೆ ಹೊಳೆಯ ಸ್ವಭಾವವೆಲ್ಲವೂ ಅಲ್ಲಿಯೇ ಚಿಕ್ಕ ರೂಪದಲ್ಲಿ ಕಾಣಬರುವುದು. ಹಳ್ಳವು ನೆಟ್ಟಗೆ ಹರಿದಿರುವುದಿಲ್ಲ. ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಬಾಗಿ ಹರಿದಿರುವುದು. ಬಾಗಿನ ಹೊರಮಗ್ಗುಲಲ್ಲಿ ದಂಡೆಯು ಗೋಡೆಯಂತೆ ಕಡಿದು ನಿಂತಿರುವುದು. ಒಳಮಗ್ಗುಲಲ್ಲಿ ಹೊಸ ಮರಳು ಇಳಿಜಾರಾಗಿ ಹಾಸಿರುವುದು. ಹಳ್ಳದಲ್ಲಿ ಒಂದು ರಾತ್ರಿಯಲ್ಲಿ ನಡೆದ ಈ ಕಾರ್ಯವು ತುಂಗಭದ್ರೆಯಂತಹ ಹೊಳೆಯಲ್ಲಿ ಹತ್ತಾರು ವರ್ಷಗಳ ಕಾಲ ನಡೆಯುವುದು. ಅದರ ಲಾಭನಷ್ಟಗಳು ಗುಂಟೆ ಎಕರೆಗಳ ಲೆಕ್ಕದಲ್ಲಿ ದಂಡೆಯ ಹಿಡುವಳಿದಾರರ ಪಾಲಿಗೆ ಬರುವುವು.

ಒಬ್ಬನ ಜಮೀನು ವರ್ಷವರ್ಷವೂ ಕೊಚ್ಚಿಹೋಗಿ, ಎದುರು ದಂಡೆಯವನ ಮುಂದೆ ಹೊಸ ನೆಲ ಏಳುವಾಗ, ಇದು ದೈವಯೋಗವೆಂದೋ ಎದುರಿನವನು ಮಾಡಿಸಿದ ಕೆಲಸವೆಂದೋ ಜನರು ಹೇಳುವುದುಂಟು. ವಾಸ್ತವವಾಗಿ ಇದಕ್ಕೆ ನಿಯತವಾದ ಕಾರಣಗಳಿವೆ. ಅವುಗಳನ್ನು ಅರಿತ ಗ್ರಾಮದ ಮುಖಂಡನು ಯಾವ ದಂಡೆ ಕುಸಿಯುವುದು, ಎಷ್ಟು ಬೇಗ ಕುಸಿಯುವುದು, ಎಲ್ಲಿ ಕಲ್ಲು ಹಾಕಿದರೆ ಉಪಯೋಗ, ಎಲ್ಲಿ ಹಾಕಿದರೆ ವ್ಯರ್ಥ ಎಂಬುದನ್ನು ಬಹುಮಟ್ಟಿಗೆ ಮೊದಲೇ ಹೇಳಬಹುದು.

ಮೇಲಣ ಪಾತ್ರ

ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ವರಾಹಪರ್ವತದಲ್ಲಿ ಗಂಗಾಮೂಲವೆಂಬಲ್ಲಿ ಹುಟ್ಟುವುವು. ಆ ಸ್ಥಳವು ಸಮುದ್ರಮಟ್ಟಕ್ಕಿಂತ ಸುಮಾರು 4,000 ಅಡಿಗಳ ಎತ್ತರದಲ್ಲಿದೆ. ತುಂಗೆಯು ಸುಮಾರು 90 ಮೈಲಿಗಳಷ್ಟು ಹರಿದು ಶಿವಮೊಗ್ಗದ ಕೆಳಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರುವ ವೇಳೆಗೆ ಅದರ ಮಟ್ಟವು 2,000 ಅಡಿಗಳಿಗಿಂತಲೂ ಕೆಳಕ್ಕೆ ಇಳಿದಿರುವುದು. ಎಂದರೆ ಒಟ್ಟು ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಈ ಮೊದಲ 90 ಮೈಲಿಗಳಲ್ಲಿಯೇ, ಅದರಲ್ಲಿಯೂ ಮಲೆನಾಡಿನ ಮೊದಲ ಕೆಲವು ಮೈಲಿಗಳಲ್ಲಿಯೇ, ಮುಗಿದುಹೋಗುವುದು. ಅಲ್ಲಿಂದ ಮುಂದೆ ಕೃಷ್ಣೆಯನ್ನು ಸೇರುವ ತನಕ ತುಂಗಭದ್ರೆಯು ಇನ್ನೂ 330 ಮೈಲಿಗಳಷ್ಟು ಹರಿಯಬೇಕು. ಅಷ್ಟು ದೂರದಲ್ಲಿ ಅದು ಇಳಿಯುವುದು ಸಾವಿರ ಅಡಿಗಳ ಆಸುಪಾಸು ಮಾತ್ರ.

ಇಳಿಜಾರು ಕಡಿದಾಗಿರುವಲ್ಲಿ ನೀರಿನ ವೇಗ ಹೆಚ್ಚು. ವೇಗವು ಹೆಚ್ಚಿದಂತೆ ನೀರಿನ ತಳ್ಳುವ ಶಕ್ತಿಯು ಊಹೆಗೆ ಮೀರಿ ಬೆಳೆಯುವುದು. ವೇಗ ಎರಡರಷ್ಟಾದರೆ ಅದು ಹೊರಳಿಸಬಲ್ಲ ಕಲ್ಲಿನ ತೂಕವು ಲೆಕ್ಕಕ್ಕೆ ಅರವತ್ತನಾಲ್ಕರಷ್ಟಾಗುವುದು. ಆದಕಾರಣ ಮಲೆನಾಡಿನಲ್ಲಿ ಹೊಳೆಯು ಗುಂಡುಕಲ್ಲುಗಳನ್ನೇ ಉರುಳಿಸಿಕೊಂಡು ಬರುವುದು. ಆ ಕಲ್ಲುಗಳು ತಳವನ್ನು ಉಜ್ಜಿ ಸವೆಸುವುವು. ಅಲ್ಲಿ ಹೊಳೆಯ ಕೆಲಸವೆಲ್ಲವೂ ಕೆಳಮುಖವಾಗಿಯೇ ನಡೆಯುವುದರಿಂದ ಕಣಿವೆಯು ಕಿರಿದಾಗಿಯೂ ಆಳವಾಗಿಯೂ ಇರುವುದು. ಬಾಗುಗಳಿದ್ದರೂ ಅವು ಹೊಳೆ ತಾನಾಗಿ ಮಾಡಿಕೊಂಡವುಗಳಲ್ಲ. ಗುಡ್ಡದ ಮೊನೆಗಳನ್ನು ಸುತ್ತಿಕೊಂಡು ಹೋಗಲು ಮಾಡಿಕೊಂಡ ದಾರಿಗಳು. ದಂಡೆಯ ಬಂಡೆಯೇ ಅಲ್ಲಿ ಒಡೆಯ.

ನಡುವಣ ಪಾತ್ರ

ಕೂಡಲಿಯನ್ನು ದಾಟಿ ಹೊನ್ನಾಳಿ, ಹರಿಹರಗಳ ಕಡೆಗೆ ಬಂದಮೇಲೆ ಹೊಳೆಯ ಬಾಳು ಬೇರೆಯಾಗುವುದು. ಇಳಿಜಾರು ಮೈಲಿಗೆ ಕೆಲವೇ ಅಡಿಗಳಿಗೆ ಇಳಿಯುವುದು. ಗುಂಡುಕಲ್ಲುಗಳು ಹಿಂದೆ ಉಳಿದು ಮರಳೂ ಗೋಡೂ ಮಾತ್ರ ಮುಂದಕ್ಕೆ ಸಾಗುವುವು. ತಳವನ್ನು ಕೊರೆಯುವ ಶಕ್ತಿ ತಗ್ಗಿದ ಹೊಳೆಯು ತನ್ನ ಉಳಿದ ಬಲವನ್ನು ಮಗ್ಗುಲುಗಳ ಮೇಲೆ ತಿರುಗಿಸುವುದು. ಮೆದುವಾದ ಮಣ್ಣು ಸಿಕ್ಕಿದೆಡೆಯಲ್ಲೆಲ್ಲ ಡೊಂಕು ಹುಟ್ಟುವುದು ಇಲ್ಲಿಯೇ.

ಡೊಂಕಿಗೆ ಆರಂಭವು ಅಲ್ಪ ಕಾರಣದಿಂದಲೂ ಆಗಬಹುದು. ಬಿದ್ದ ಮರ, ಒಂದು ಮರಳದಿಣ್ಣೆ, ಮಗ್ಗುಲಿನಿಂದ ಬಂದು ಸೇರುವ ಒಂದು ಹಳ್ಳ, ಇವುಗಳಲ್ಲಿ ಯಾವುದಾದರೂ ನೀರನ್ನು ಒಂದು ದಂಡೆಯತ್ತ ಓರೆಯಾಗಿ ತಳ್ಳಿದರೆ ಸಾಕು. ಅನಂತರ ಡೊಂಕು ತನ್ನನ್ನು ತಾನೇ ಬೆಳೆಸಿಕೊಳ್ಳುವುದು. ಅದು ಹೇಗೆಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಅಗಲವಾದ ಒಂದು ಬೋಗುಣಿಯಲ್ಲಿ ನೀರು ತುಂಬಿ, ಒಂದು ಹಿಡಿ ಮರಳು ಹಾಕಿ, ಕೋಲಿನಿಂದ ಒಂದೇ ಕಡೆಗೆ ಜೋರಾಗಿ ತಿರುವಿ ಬಿಡಬೇಕು. ಸುತ್ತುವ ನೀರು ಹೊರಕ್ಕೆ ಎಸೆಯುವುದರಿಂದ ಮರಳು ಬೋಗುಣಿಯ ಅಂಚಿಗೆ ಹೋಗಬೇಕೆಂದು ತೋರುವುದು. ಆದರೆ ನೀರು ನಿಲ್ಲುವ ಹೊತ್ತಿಗೆ ಮರಳೆಲ್ಲವೂ ನಡುವೆ ಗುಡ್ಡೆಯಾಗಿ ಕೂಡಿರುವುದು. ಮೇಲಣ ನೀರು ಬಿರುಸಾಗಿ ಸುತ್ತುತ್ತ ಅಂಚಿನ ಕಡೆ ಒತ್ತಿ ಅಲ್ಲಿ ಸ್ವಲ್ಪ ಏರಿ ನಿಲ್ಲುವುದು. ತಳದ ನೀರು ಬೋಗುಣಿಯ ತಳಕ್ಕೆ ಉಜ್ಜಿ ವೇಗಗುಂದಿರುವುದರಿಂದ ಆ ಒತ್ತಡವನ್ನು ಎದುರಿಸಲಾರದೆ ನಡುವಿಗೆ ಜಾರುವುದು. ಜಾರುವಾಗ ಮರಳನ್ನೂ ಎಳೆದೊಯ್ಯುವುದು. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನನು 1926ರಲ್ಲಿ ಬಟ್ಟಲಿನ ಚಹದ ಎಲೆಗಳನ್ನು ದೃಷ್ಟಾಂತವಾಗಿಟ್ಟುಕೊಂಡು ಹೊಳೆಯ ಡೊಂಕಿಗೆ ಇದೇ ಕಾರಣವನ್ನು ವಿವರಿಸಿದನು.

ಹೊಳೆಯ ಬಾಗು ಆ ಬೋಗುಣಿಯ ಒಂದು ತುಂಡೆಂದು ಭಾವಿಸಿದರೆ ವಿಷಯವು ಸ್ಪಷ್ಟವಾಗುವುದು. ಮೇಲಣ ಬಿರುಸಾದ ನೀರು ಹೊರದಂಡೆಗೆ ಹೊಡೆದು ಕೆಳಕ್ಕೆ ಧುಮುಕಿ ಅದರ ಬುಡವನ್ನು ಕೊರೆಯುವುದು. ಕೊರೆದ ಮಣ್ಣಿನಲ್ಲಿ ದಪ್ಪ ಮರಳನ್ನು ತಳದ ನೀರು ಎಳೆದುಕೊಂಡು ಕೆಳಗಣ ಬಾಗುಗಳ ಒಳದಂಡೆಯಲ್ಲಿ ಹಾಕುವುದು. ಹೊರದಂಡೆಯ ಕೆಳಗೆ ಆಳವಾದ ಮಡುವೂ ಒಳದಂಡೆಯಲ್ಲಿ ತೆಳುನೀರಿನ ಮರಳಹಾಸೂ ಇರುವುದು ಈ ಕಾರಣದಿಂದಲೇ. ಹರಿಗೋಲು ನಡೆಸುವವರು ಇದನ್ನು ಶಾಸ್ತ್ರವಿಲ್ಲದೆಯೇ ಬಲ್ಲರು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಹೊರದಂಡೆಯಲ್ಲಿ ಅತ್ಯಂತ ಹೆಚ್ಚಾಗಿ ಕೊರೆಯುವ ಸ್ಥಳವು ಬಾಗಿನ ನಡುನೆತ್ತಿಯಲ್ಲ. ನೆತ್ತಿಗಿಂತ ಸ್ವಲ್ಪ ಕೆಳಗೆ, ಹೊಳೆ ಹರಿಯುವ ದಿಕ್ಕಿನಲ್ಲಿ ಇರುವುದು. ಓಡುವ ನೀರು ತನ್ನ ಹಿಂದಿನ ದಿಕ್ಕನ್ನು ತಟ್ಟನೆ ಬಿಡಲಾರದುದೇ ಇದಕ್ಕೆ ಕಾರಣ. ಆದುದರಿಂದ ಬಾಗು ಅಗಲವಾಗುವುದು ಮಾತ್ರವಲ್ಲದೆ ನಿಧಾನವಾಗಿ ಕೆಳಗಣ ಊರಿನತ್ತ ಸರಿಯುತ್ತಲೂ ಇರುವುದು. ಇಂದು ಭದ್ರವಾಗಿರುವ ಕೆಳಗಣ ಹಿಡುವಳಿಗೆ ಮುಂದೊಂದು ಕಾಲಕ್ಕೆ ಸರದಿ ಬರುವುದು.

ಹೊಳೆ ತಾನೇ ಮಾಡಿಕೊಂಡ ಡೊಂಕನ್ನೂ ಬಂಡೆ ಮಾಡಿಸಿದ ಡೊಂಕನ್ನೂ ಬೇರೆಬೇರೆಯಾಗಿ ಗುರುತಿಸುವುದಕ್ಕೆ ಒಂದು ಸ್ಥೂಲವಾದ ಅಳತೆಯಿದೆ. ಮೆದುಮಣ್ಣಿನಲ್ಲಿ ಹರಿಯುವ ಹೊಳೆಯಲ್ಲಿ ಒಂದೇ ಕಡೆಗೆ ತಿರುಗಿದ ಒಂದು ಬಾಗಿನಿಂದ ಅದೇ ಕಡೆಯ ಮುಂದಿನ ಬಾಗಿಗೆ ಇರುವ ದೂರವು ಪಾತ್ರದ ಅಗಲದ ಹತ್ತರಿಂದ ಹದಿನಾಲ್ಕರಷ್ಟು ಇರುವುದು ವಾಡಿಕೆ. ಇಪ್ಪತ್ತು ಅಡಿ ಅಗಲದ ಹಳ್ಳದಲ್ಲಿ ಇದು ಇನ್ನೂರರಿಂದ ಇನ್ನೂರೆಂಬತ್ತು ಅಡಿಗಳಾಗುವುದು. ಅಳತೆಗೆ ಬಹಳ ದೂರವಾದ ಒಂಟಿ ಬಾಗು ಕಂಡರೆ, ಅಲ್ಲಿ ಬಂಡೆಯೋ ಗಟ್ಟಿನೆಲವೋ ಹೊಳೆಯನ್ನು ತಿರುಗಿಸಿದೆಯೆಂದು ಸಂಶಯಪಡಬಹುದು. ಅಂಥ ಬಾಗು ಬೇಗನೆ ಸರಿಯುವುದಿಲ್ಲ.

ದಂಡೆ ಕುಸಿಯುವ ಬಗೆ ಮತ್ತು ಅದರ ಲೆಕ್ಕ

ಮಹಾಪೂರವು ಬಂದಾಗಲೇ ದಂಡೆ ಕುಸಿಯುವುದೆಂದು ಸಾಮಾನ್ಯರ ನಂಬಿಕೆ. ಬುಡ ಕೊರೆಯುವುದು ಆಗಲೇ ನಿಜ. ಆದರೆ ಮೇಲಣ ನೆಲವು ಬಹುವಾಗಿ ಬೀಳುವುದು ಪೂರ ಇಳಿದಮೇಲೆ. ಹೊಳೆ ತುಂಬಿರುವಾಗ ನೀರು ದಂಡೆಗೆ ಒರಗಿ ನಿಂತು ಅದನ್ನು ತಡೆದಿರುವುದು. ನೀರು ಬೇಗನೆ ಇಳಿದರೆ ಆ ಆಸರೆ ತಪ್ಪುವುದು. ದಂಡೆಯ ಮಣ್ಣಾದರೋ ನೀರು ಕುಡಿದು ಭಾರವಾಗಿಯೇ ಉಳಿದಿರುವುದು. ಆಗ ದಂಡೆಗೆ ಸಮಾನಾಂತರವಾಗಿ, ಅಂಚಿನಿಂದ ಕೆಲವು ಅಡಿಗಳೊಳಗೆ, ಉದ್ದನೆಯ ಬಿರುಕು ಕಾಣಿಸುವುದು. ಬಿರುಕು ಕಂಡ ನೆಲವು ಹೊಳೆಯ ಪಾಲಾಯಿತೆಂದೇ ತಿಳಿದು ಅಲ್ಲಿಂದ ದನಕರುಗಳನ್ನೂ ಪಂಪಿನ ಯಂತ್ರಗಳನ್ನೂ ಹಿಂದಕ್ಕೆ ತೆಗೆಯತಕ್ಕದ್ದು. ಮೇಲೆ ಜೇಡಿಯೂ ಕೆಳಗೆ ಮರಳೂ ಇರುವ ದಂಡೆಯು ಎಲ್ಲಕ್ಕಿಂತ ಅಪಾಯಕರವಾದುದು. ಕೆಳಗಣ ಮರಳು ತೊಳೆದುಹೋಗಿ, ಮೇಲಣ ಜೇಡಿಯು ಸೂರಿನಂತೆ ಚಾಚಿ ನಿಂತು, ಒಂದು ದಿನ ಒಟ್ಟಿಗೆ ಕಳಚುವುದು.

ನಷ್ಟದ ಅಳತೆಯನ್ನು ಊಹೆಗೆ ಬಿಡದೆ ಲೆಕ್ಕವಾಗಿ ಇಡುವುದು ಕಷ್ಟವೇನೂ ಅಲ್ಲ. ಹೊರದಂಡೆಯಲ್ಲಿ ಜಮೀನುಳ್ಳ ಒಬ್ಬ ರೈತನು ಅಂಚಿನಿಂದ ಸರಿಯಾಗಿ 100 ಅಡಿ ಒಳಗೆ ಒಂದು ಕಲ್ಲನ್ನು ನೆಟ್ಟು, ಪ್ರತಿವರ್ಷವೂ ದೀಪಾವಳಿ ಕಳೆದಮೇಲೆ ಹಗ್ಗದಿಂದ ಅಂಚಿನ ತನಕ ಅಳೆದು ಬರೆದಿಟ್ಟನೆಂದು ಭಾವಿಸೋಣ. ಐದು ವರ್ಷಗಳ ಅಳತೆಗಳು ಕ್ರಮವಾಗಿ 99, 98, 87, 86, 85 ಅಡಿ ಎಂದು ಬಂದವು. ಐದು ವರ್ಷಗಳಲ್ಲಿ ಹೋದುದು 15 ಅಡಿ. ಸರಾಸರಿ ವರ್ಷಕ್ಕೆ 3 ಅಡಿ. ಆತನ ಜಮೀನು ಹೊಳೆಯ ಉದ್ದಕ್ಕೆ 363 ಅಡಿ ಇದ್ದರೆ, 363ನ್ನು 3ರಿಂದ ಗುಣಿಸಿದಾಗ 1,089 ಚದರಡಿ, ಎಂದರೆ ಸರಿಯಾಗಿ ಒಂದು ಗುಂಟೆ ಆಗುವುದು. ವರ್ಷಕ್ಕೆ ಒಂದು ಗುಂಟೆಯಂತೆ ನಲವತ್ತು ವರ್ಷಗಳಲ್ಲಿ ಒಂದು ಎಕರೆ. ತಂದೆಯಿಂದ ಮಗನ ಕೈಗೆ ಬರುವ ವೇಳೆಗೆ ನಾಲ್ಕೆಕರೆಯ ಹಿಡುವಳಿಯು ಮೂರೆಕರೆಯಾಗಿರುವುದು.

ಆ ಐದು ಅಳತೆಗಳಲ್ಲಿ ಇನ್ನೊಂದು ಪಾಠವೂ ಇದೆ. ನಾಲ್ಕು ವರ್ಷಗಳಲ್ಲಿ ಒಂದೊಂದೇ ಅಡಿ ಹೋಗಿ, ಮೂರನೆಯ ವರ್ಷದಲ್ಲಿ ಮಾತ್ರ 11 ಅಡಿ ಹೋಗಿದೆ. ಹೊಳೆಯು ಸರಾಸರಿಯಂತೆ ನಡೆಯುವುದಿಲ್ಲ. ಒಂದು ದೊಡ್ಡ ಪೂರವು ಹತ್ತು ವರ್ಷಗಳ ಕೆಲಸವನ್ನು ಹತ್ತು ದಿನಗಳಲ್ಲಿ ಮಾಡಬಲ್ಲುದು. ಆದುದರಿಂದ ಎರಡು ಮೂರು ವರ್ಷ ದಂಡೆ ಅಲುಗಲಿಲ್ಲವೆಂದು ಧೈರ್ಯಗೊಳ್ಳತಕ್ಕದ್ದಲ್ಲ. ವರ್ಷಕ್ಕೆ 3 ಅಡಿ ಹೋಗುವ ದಂಡೆಯ ಮೇಲೆ ಅರವತ್ತು ವರ್ಷ ಬಾಳತಕ್ಕ ತೆಂಗಿನ ತೋಟವನ್ನು ಹಾಕುವವನು ಅಂಚಿನಿಂದ 180 ಅಡಿಗಳನ್ನಾದರೂ ಬಿಟ್ಟು ಹಾಕಬೇಕು. ಆ ನಡುವಣ ಪಟ್ಟಿಯಲ್ಲಿ ವರ್ಷದ ಫಸಲುಗಳನ್ನೋ ಮೇವನ್ನೋ ಬೆಳೆಯುವುದು ಲೇಸು.

ಎದುರು ದಂಡೆಯಲ್ಲಿ ಏಳುವ ನೆಲವು ವಿಸ್ತಾರದಲ್ಲಿ ಹೆಚ್ಚುಕಡಮೆ ಇದಕ್ಕೆ ಸಮವಾಗಿ ಕಂಡರೂ ಬೆಲೆಯಲ್ಲಿ ಸಮವಲ್ಲ. ಹೋದದ್ದು ಪಳಗಿದ ಹೊಲ. ಬಂದದ್ದು ಬರಿಯ ಮರಳು. ಬೇಸಗೆಯಲ್ಲಿ ಅಲ್ಲಿ ಕಲ್ಲಂಗಡಿ ಸೌತೆಗಳನ್ನು ಬೆಳೆಯಬಹುದಾದರೂ, ಹುಲ್ಲುಜೊಂಡುಗಳು ಬೇರೂರಿ, ಅವುಗಳ ನಡುವೆ ವರ್ಷವರ್ಷವೂ ಗೋಡು ನಿಂತು, ಮರಳಿನ ಮೇಲೆ ಒಂದೆರಡಡಿ ಮಣ್ಣು ಕೂಡಿದ ಮೇಲೆಯೇ ಅದು ಹೊಲವೆನಿಸುವುದು. ಹಾಗೆ ಎದ್ದ ನೆಲವು ತಾನಾಗಿ ಪಕ್ಕದ ಹಿಡುವಳಿದಾರನದಾಗುವುದೆಂದು ಎಣಿಸಲಾಗದು. ಹೊಳೆ ಕೂಡಿಸಿದ ಭೂಮಿಯ ಹಕ್ಕಿನ ವಿಷಯವನ್ನು 1964ರ ಭೂಕಂದಾಯ ಕಾಯಿದೆಯು ಪ್ರತ್ಯೇಕವಾಗಿ ಹೇಳಿರುವುದರಿಂದ, ಸಾಗುವಳಿಗೆ ಇಳಿಯುವ ಮುನ್ನ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕುಸಿತದ ಅಳತೆಗಳನ್ನು ವರ್ಷವಾರು ಬರೆದಿಟ್ಟವನಿಗೆ ಅಂಥ ವಿಚಾರಣೆಯಲ್ಲಿ ಹೇಳಲು ಆಧಾರವಿರುವುದು.

ಲಾಳದ ಆಕಾರದ ಕೆರೆ

ಮೆದುಮಣ್ಣಿನ ಬಯಲಿನಲ್ಲಿ ಡೊಂಕು ಬೆಳೆಯುತ್ತ ಬೆಳೆಯುತ್ತ ಕೊನೆಗೆ ಕುದುರೆಯ ಲಾಳದ ಆಕಾರಕ್ಕೆ ಬರುವುದು. ಲಾಳದ ಎರಡು ತುದಿಗಳ ನಡುವೆ ಕಿರಿದಾದ ಒಂದು ಕುತ್ತಿಗೆಯ ನೆಲ ಮಾತ್ರ ಉಳಿಯುವುದು. ಆ ಕುತ್ತಿಗೆಯ ಎರಡು ಮಗ್ಗುಲುಗಳೂ ಹೊರದಂಡೆಗಳೇ ಆದುದರಿಂದ ಎರಡು ಕಡೆಯಿಂದಲೂ ಸವೆಯುತ್ತ ಬಂದು, ಒಂದು ಪೂರದಲ್ಲಿ ಕಡಿದುಹೋಗುವುದು.

ಕಡಿದ ಕ್ಷಣದಲ್ಲಿ ಆಗುವ ವ್ಯತ್ಯಾಸವನ್ನು ಲೆಕ್ಕದಿಂದ ತಿಳಿಯಬಹುದು. ಲಾಳವನ್ನು ಸುತ್ತಿ ಬರುವ ಹೊಳೆಯ ಉದ್ದ 6,000 ಅಡಿ, ಆ ಉದ್ದದಲ್ಲಿ ನೀರು ಇಳಿಯುವುದು 2 ಅಡಿ, ಕುತ್ತಿಗೆಯ ಅಗಲ 600 ಅಡಿ ಎಂದಿಟ್ಟುಕೊಳ್ಳೋಣ. ಸುತ್ತುದಾರಿಯಲ್ಲಿ ಇಳಿಜಾರು ಮೂರು ಸಾವಿರಕ್ಕೆ ಒಂದು. ಕುತ್ತಿಗೆ ಕಡಿದ ಮೇಲೆ ಅದೇ 2 ಅಡಿಗಳನ್ನು ನೀರು 600 ಅಡಿಗಳಲ್ಲಿಯೇ ಇಳಿಯಬೇಕಾದುದರಿಂದ ಇಳಿಜಾರು ಮುನ್ನೂರಕ್ಕೆ ಒಂದಾಗುವುದು. ಇಳಿಜಾರು ಹತ್ತರಷ್ಟಾದರೆ ನೀರಿನ ವೇಗವು, ಆಳವು ಮೊದಲಿನಂತೆಯೇ ಇದ್ದರೆ, ಮೂರರಷ್ಟಕ್ಕೂ ಮಿಗಿಲಾಗುವುದು. ಹೊಳೆಯು ಹಳೆಯ ದಾರಿಯನ್ನು ಮತ್ತೆ ಹಿಡಿಯದಿರುವುದಕ್ಕೆ ಇದೇ ಕಾರಣ. ಬಿಟ್ಟ ದಾರಿಯಲ್ಲಿ ನೀರು ನಿಂತಂತಾಗಿ, ಅದರ ಎರಡು ಬಾಯಿಗಳಲ್ಲಿಯೂ ಮರಳು ಕಟ್ಟಿಕೊಂಡು, ಲಾಳದ ಆಕಾರದ ಒಂದು ಕೆರೆಯು ಉಳಿಯುವುದು. ಕಾಲಕ್ರಮದಲ್ಲಿ ಅದು ಹೂಳಿನಿಂದ ತುಂಬಿ ಜವುಗಾಗಿ, ಕೊನೆಗೆ ಕರಿಯ ಜಿಗುಟುಮಣ್ಣಿನ ಗದ್ದೆಯಾಗುವುದು. ಬಿಹಾರದ ಬೇಗುಸರಾಯ್ ಜಿಲ್ಲೆಯ ಕಾವರ್ ಕೆರೆಯು ಹೊಳೆಯೊಂದು ಹೀಗೆ ಬಿಟ್ಟುಹೋದ ತಿರುವಿನ ಪ್ರಸಿದ್ಧವಾದ ಉದಾಹರಣೆ.

ಕುತ್ತಿಗೆಯನ್ನು ಕೈಯಾರ ಕಡಿದರೆ ಹೊಳೆ ನೆಟ್ಟಗಾಗಿ ದಂಡೆಗಳೆಲ್ಲವೂ ಉಳಿಯುವುವೆಂಬ ಯೋಚನೆ ಕೆಲವರಿಗೆ ಬರುವುದು. ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯಲ್ಲಿ 1930ರ ದಶಕದಿಂದ ಹೀಗೆಯೇ ಅನೇಕ ಕುತ್ತಿಗೆಗಳನ್ನು ಕಡಿದು ಹೊಳೆಯನ್ನು ಸುಮಾರು ನೂರೈವತ್ತು ಮೈಲಿಗಳಷ್ಟು ಮೊಟಕುಮಾಡಲಾಯಿತು. ಪೂರದ ಮಟ್ಟವೇನೋ ತಗ್ಗಿತು. ಆದರೆ ಹೊಳೆಯು ತನ್ನ ಕಳೆದ ಉದ್ದವನ್ನು ಮರಳಿ ಪಡೆಯಲು ಬೇರೆಬೇರೆಡೆಗಳಲ್ಲಿ ದಂಡೆಗಳನ್ನು ಕೊರೆಯತೊಡಗಿದುದರಿಂದ, ಆ ದಂಡೆಗಳಿಗೆಲ್ಲ ಹೊದಿಕೆ ಹಾಕುವ ಅಪಾರವಾದ ಕೆಲಸ ಬಂದೊದಗಿತು. ಒಂದು ಊರು ತನ್ನ ಹಿತಕ್ಕಾಗಿ ಕುತ್ತಿಗೆ ಕಡಿದರೆ ಮೇಲಣ ಊರಿನ ಪಾತ್ರವು ಆಳವಾಗಿ ಅಲ್ಲಿಯ ದಂಡೆ ಜಾರುವುದು; ಕೆಳಗಣ ಊರಿಗೆ ಮರಳೂ ಹೊಸ ಕೊರೆತವೂ ಹೋಗುವುವು.

ಹರಿಹರದ ಬಳಿ ಇಂಥ ಲಾಳದ ಕೆರೆಗಳನ್ನು ಕಾಣಲು ಹೋದವನು ನಿರಾಶನಾಗುವನು. ದಖನ್ ಪ್ರಸ್ಥಭೂಮಿಯ ಹೊಳೆಗಳ ಕೆಳಗೆ ಗಟ್ಟಿಯಾದ ಹಳೆಯ ಶಿಲೆಯು ಹೆಚ್ಚು ಆಳದಲ್ಲಿಲ್ಲದೆ ಇರುವುದರಿಂದಲೂ, ಮೆಕ್ಕಲು ಪಟ್ಟಿಯು ಕಿರಿದಾಗಿರುವುದರಿಂದಲೂ ಡೊಂಕು ಪೂರ್ತಿಯಾಗಿ ಬೆಳೆಯಲು ಎಡೆಯಿಲ್ಲ. 1224ರ ಸುಮಾರಿಗೆ ಹೊಯ್ಸಳರ ಸಚಿವ ಪೋಳಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಇಂದಿಗೂ ಹೊಳೆಯ ಸಮೀಪದಲ್ಲಿಯೇ ಇದೆ. ಹೊಳೆ ಅದನ್ನು ನುಂಗಲೂ ಇಲ್ಲ, ಬಿಟ್ಟು ದೂರ ಹೋಗಲೂ ಇಲ್ಲ. 1868ರಲ್ಲಿ ಮುಗಿದ ಹಳೆಯ ಸೇತುವೆಯ ಸ್ಥಳದಲ್ಲಿ ಹೊಳೆಯು ಈಗಲೂ ಹರಿಯುತ್ತಿದೆ. ಇದಕ್ಕೆ ಪ್ರತಿಯಾಗಿ ಬಿಹಾರದ ಕೋಸಿ ನದಿಯು ಹಿಮಾಲಯದಿಂದ ಹೊತ್ತುತರುವ ಹೂಳಿನ ಬಾಹುಳ್ಯದಿಂದ, ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ಎಪ್ಪತ್ತು ಮೈಲಿಗಳಷ್ಟು ಪಶ್ಚಿಮಕ್ಕೆ ಸರಿಯಿತು. ತುಂಗಭದ್ರೆಯ ದಂಡೆಯವರು ಹೊಳೆ ಊರನ್ನೇ ಬಿಟ್ಟುಹೋಗುವುದೆಂದು ಹೆದರಬೇಕಾದುದಿಲ್ಲ. ಅವರ ಲೆಕ್ಕವಿರುವುದು ಮೆಕ್ಕಲು ಪಟ್ಟಿಯೊಳಗಿನ ಅಡಿಗಳಲ್ಲಿ ಮತ್ತು ಗುಂಟೆಗಳಲ್ಲಿ.

ಕೆಳಗಣ ಪಾತ್ರ ಮತ್ತು ಹೊಳೆ ಕಟ್ಟುವ ಏರಿ

ಹೊಳೆಯು ಪ್ರತಿಯೊಂದು ಕಡೆಯೂ ಮೇಲಣ, ನಡುವಣ, ಕೆಳಗಣ ಪಾತ್ರಗಳನ್ನು ಪುಸ್ತಕದ ಕ್ರಮದಲ್ಲಿಯೇ ತೋರಿಸುವುದೆಂದು ತಿಳಿಯಬಾರದು. ತುಂಗಭದ್ರೆಯು ಹರಿಹರದಲ್ಲಿ ಬಯಲಿನ ಹೊಳೆಯಂತಿದ್ದು, ಹಂಪೆಯ ಹತ್ತಿರ ಮತ್ತೆ ಬಂಡೆಗಳ ನಡುವೆ ನುಗ್ಗಿ ಮಲೆನಾಡಿನ ಹೊಳೆಯಂತಾಗುವುದು. ಅದರ ನಿಜವಾದ ಕೆಳಗಣ ಪಾತ್ರವು ಕೃಷ್ಣೆಯೊಡನೆ ಸೇರಿದ ಬಹುದೂರದ ಮೇಲೆ, ವಿಜಯವಾಡದ ಕೆಳಗಣ ಮುಖಜಭೂಮಿಯಲ್ಲಿದೆ. ಅಲ್ಲಿ ಇಳಿಜಾರು ಇಲ್ಲವೆನ್ನುವಷ್ಟು ಅಲ್ಪ. ನೀರು ಹೊತ್ತ ಮಣ್ಣನ್ನು ಇನ್ನು ಹೊರಲಾರದೆ ಹಾಕುತ್ತ ಹೋಗುವುದು. ಹೊಳೆ ಕೊರೆಯುವುದಕ್ಕಿಂತ ಕಟ್ಟುವುದೇ ಹೆಚ್ಚು. ಹೊಳೆಯು ಎಷ್ಟು ಮಣ್ಣನ್ನು ಹೊರುವುದೆಂಬುದಕ್ಕೆ ಹೊಸಪೇಟೆಯ ಜಲಾಶಯವೇ ಸಾಕ್ಷಿ. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿ.ಎಂ.ಸಿ. ಅಡಿಗಳಿದ್ದ ಅದರ ಹಿಡಿತವು ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ.

ಕಟ್ಟುವ ಕೆಲಸಗಳಲ್ಲಿ ಸಾಗುವಳಿಗಾರನಿಗೆ ಬಹು ಮುಖ್ಯವಾದುದು ಹೊಳೆ ತಾನೇ ಹಾಕಿಕೊಳ್ಳುವ ಏರಿ. ಇದು ಕೆಳಗಣ ಪಾತ್ರದಲ್ಲಿ ದೊಡ್ಡದಾಗಿಯೂ, ಪೂರ ಹರಡುವ ಬಯಲಿರುವಲ್ಲಿ ನಡುವಣ ಪಾತ್ರದಲ್ಲಿ ಚಿಕ್ಕದಾಗಿಯೂ ಕಾಣುವುದು. ಪೂರದ ನೀರು ಪಾತ್ರದಿಂದ ಹೊರಬಿದ್ದೊಡನೆ ತೆಳ್ಳಗೆ ಹರಡಿ ವೇಗಗುಂದುವುದು. ಆಗ ದಪ್ಪ ಮರಳು ದಂಡೆಯ ಅಂಚಿನಲ್ಲಿಯೇ ಬೀಳುವುದು. ಸಣ್ಣ ಮರಳು ಸ್ವಲ್ಪ ದೂರದಲ್ಲಿ. ನುಣ್ಣನೆಯ ಜೇಡಿ ಎಲ್ಲಕ್ಕಿಂತ ಆಚೆ. ಪೂರದ ಮೇಲೆ ಪೂರ ಬಂದಂತೆ ದಂಡೆಯ ಅಂಚೇ ಎತ್ತರವಾಗಿ, ಹೊಳೆಯಿಂದ ದೂರ ಹೋದಷ್ಟೂ ನೆಲ ತಗ್ಗುತ್ತ ಹೋಗುವುದು. ಹೊಳೆಗೆ ಹತ್ತಿರವಾದ ನೆಲವೇ ತಗ್ಗೆಂದು ಎಣಿಸುವವನಿಗೆ ಇದು ವಿಚಿತ್ರವಾಗಿ ತೋರುವುದು.

ಈ ವ್ಯತ್ಯಾಸದಿಂದ ಒಂದೇ ಹಿಡುವಳಿಯಲ್ಲಿ ಎರಡು ಬಗೆಯ ಭೂಮಿಗಳಾಗುವುವು. ಏರಿಯ ಮೇಲಣ ಹಗುರಮಣ್ಣು ನೀರನ್ನು ಬೇಗನೆ ಬಸಿಯುವುದು; ತೋಟಕ್ಕೂ ತರಕಾರಿಗೂ ಮನೆಗೂ ಅದು ಯೋಗ್ಯ. ಹಿಂದಣ ತಗ್ಗಿನ ಜೇಡಿಯು ನೀರನ್ನು ಹಿಡಿದಿಡುವುದರಿಂದ ಭತ್ತಕ್ಕೆ ಒಳ್ಳೆಯದಾದರೂ, ಪೂರ ಬಂದರೆ ನೀರು ಅಲ್ಲಿ ವಾರಗಟ್ಟಲೆ ನಿಲ್ಲುವುದು. ಏಕೆಂದರೆ ಹೊಳೆಗೆ ಮರಳಲು ಏರಿಯೇ ಅಡ್ಡ. ಮಗ್ಗುಲ ಹಳ್ಳಗಳಿಗೂ ಇದೇ ಗತಿ. ದೊಡ್ಡ ಹೊಳೆ ಏರಿರುವಾಗ ಹಳ್ಳದ ನೀರು ಸೇರಲಾರದೆ ಹಿಮ್ಮೆಟ್ಟಿ ಹೊಲಗಳಿಗೆ ನುಗ್ಗುವುದು. ಹಂದ್ರಿ ಹೊಳೆಯು ತುಂಗಭದ್ರೆಯನ್ನು ಸೇರುವೆಡೆಯಲ್ಲಿರುವ ಕರ್ನೂಲು ಪಟ್ಟಣವು 2009ರ ಅಕ್ಟೋಬರ್ 2ರಂದು ಮುಳುಗಿದುದನ್ನು ಅನೇಕರು ನೆನೆಯುವರು. ಸೂಳೆಕೆರೆಯ ಕೋಡಿಯ ನೀರನ್ನು ತರುವ ಹರಿದ್ರೆಯು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದರಿಂದ, ಅಂಥ ಸಂಗಮದ ತಗ್ಗುನೆಲಗಳನ್ನು ಕೊಳ್ಳುವವರು ಹೊಳೆಯ ದಂಡೆಯನ್ನು ಮಾತ್ರವಲ್ಲದೆ ಹಳ್ಳದ ದಂಡೆಯನ್ನೂ ನೋಡಬೇಕು.

ಹೊಳೆಯ ಏರಿಯ ಮೇಲೆ ಮನುಷ್ಯನು ಇನ್ನೊಂದು ಏರಿ ಕಟ್ಟಿದರೆ ಚಿಕ್ಕ ಪೂರಗಳು ನಿಲ್ಲುವುವು. ಆದರೆ ಎರಡು ಏರಿಗಳ ನಡುವೆ ಸಿಕ್ಕಿದ ಹೂಳು ಬಯಲಿಗೆ ಹರಡದೆ ಪಾತ್ರದಲ್ಲಿಯೇ ಬಿದ್ದು ತಳವು ಮೇಲೇರುವುದು. ಕೋಸಿಗೆ 1950ರ ದಶಕದಲ್ಲಿ ಕಟ್ಟತೊಡಗಿದ ಏರಿಗಳ ನಡುವೆ ಹೀಗೆಯೇ ತಳವು ಹೊರಗಣ ನೆಲಕ್ಕಿಂತ ಎತ್ತರವಾಯಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಏರಿ ಒಡೆದು ಹೊಳೆಯು ಹಳೆಯ ದಾರಿಯೊಂದನ್ನು ಹಿಡಿದಾಗ ಲಕ್ಷಾಂತರ ಜನರು ನೆಲೆಗೆಟ್ಟರು. ತುಂಗಭದ್ರೆಯ ಹೂಳು ಅಷ್ಟಿಲ್ಲ. ಆದರೂ ಊರವರು ಏರಿ ಕಟ್ಟುವುದಾದರೆ ಅದನ್ನು ಅಂಚಿನಿಂದ ಹಿಂದೆ ಸರಿಸಿ ಕಟ್ಟಿ, ಹಿಂದಣ ತಗ್ಗಿನ ನೀರು ಹೊರಹೋಗಲು ಬಾಗಿಲುಳ್ಳ ತೂಬನ್ನು ಇಡಲೇಬೇಕು. ತೂಬಿಲ್ಲದ ಏರಿಯು ಹೊಳೆಯ ನೀರನ್ನು ಹೊರಗಿಡುವುದಕ್ಕಿಂತ ಮಳೆಯ ನೀರನ್ನು ಒಳಗಿಡುವುದೇ ಹೆಚ್ಚು.

ದಂಡೆಯ ರಕ್ಷಣೆ

ದಂಡೆಗೆ ಕಲ್ಲುಹಾಕುವಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುವುವು. ಮೊದಲನೆಯದು, ಕಣ್ಣಿಗೆ ಕಾಣುವ ಮೇಲಣ ಮುಖಕ್ಕೆ ಕಲ್ಲು ಹಾಸಿ ಬುಡವನ್ನು ಬಿಡುವುದು. ಕೊರೆತವು ನೀರಿನೊಳಗಣ ಬುಡದಲ್ಲಿರುವುದರಿಂದ ಬುಡಕ್ಕೆ ದಪ್ಪ ಕಲ್ಲುಗಳನ್ನು ತುಂಬದೆ ಮೇಲೆ ಹಾಸಿದ ಕಲ್ಲು ಒಂದೆರಡು ಮಳೆಗಾಲಗಳಲ್ಲಿ ಜಾರಿಬೀಳುವುದು. ಎರಡನೆಯದು, ಬಾಗಿನ ನೆತ್ತಿಗೆ ಮಾತ್ರ ಕಲ್ಲು ಹಾಕಿ, ಅದರ ಕೆಳಗಣ ಭಾಗವನ್ನು ಬಿಡುವುದು. ಕೊರೆತವು ಬಲವಾಗಿರುವುದು ನೆತ್ತಿಯ ಕೆಳಗೆ ಎಂಬುದನ್ನು ಹಿಂದೆಯೇ ಹೇಳಿದೆ. ಪಾತ್ರದೊಳಕ್ಕೆ ಚಾಚುವ ಕಲ್ಲಿನ ಮೊನೆಗಳನ್ನು ಕಟ್ಟಿದರೆ ನೀರು ಎದುರು ದಂಡೆಗೆ ತಿರುಗುವುದರಿಂದ, ಎರಡು ದಂಡೆಗಳ ಊರವರೂ ಕೂಡಿ ಒಪ್ಪದೆಯೂ ನೀರಾವರಿ ಇಲಾಖೆಯ ಅನುಮತಿಯಿಲ್ಲದೆಯೂ ಅಂಥ ಕೆಲಸಕ್ಕೆ ಕೈಹಾಕಕೂಡದು.

ಹೆಚ್ಚು ಎತ್ತರವಿಲ್ಲದ ದಂಡೆಗೆ ಗಿಡಮರಗಳ ಬೇರು ಒಳ್ಳೆಯ ಕಟ್ಟು. ನೀರಿಗೆ ಹತ್ತಿರ ಲಾವಂಚ, ಲಕ್ಕಿಗಳನ್ನೂ, ಮೇಲೆ ಬಿದಿರು, ಹೊಂಗೆ, ಹೊಳೆಮತ್ತಿಗಳನ್ನೂ ಹಾಕುವುದು ರೂಢಿ. ಆದರೆ ಬೇರು ಇಳಿಯುವ ಆಳಕ್ಕಿಂತ ದಂಡೆಯೇ ಹೆಚ್ಚು ಎತ್ತರವಾಗಿದ್ದರೆ ಅಂಚಿನಲ್ಲಿ ನೆಟ್ಟ ದೊಡ್ಡ ಮರವು ಕಾಪಾಡುವುದಿಲ್ಲ. ಬುಡ ಕೊರೆದೊಡನೆ ತನ್ನ ಭಾರದಿಂದ ದಂಡೆಯ ಒಂದು ಹೋಳನ್ನೇ ಎಳೆದುಕೊಂಡು ಬೀಳುವುದು. ಗದ್ದೆಯ ಹೆಚ್ಚುನೀರನ್ನು ಅಂಚಿನ ಮೇಲಿನಿಂದ ನೇರವಾಗಿ ಹೊಳೆಗೆ ಬಿಡುವುದೂ ದಂಡೆಯನ್ನು ಸೀಳುವ ಕೆಲಸವೇ. ಅದನ್ನು ಕಲ್ಲಿನ ಕಾಲುವೆಯಲ್ಲಿಯೋ ಕೊಳವೆಯಲ್ಲಿಯೋ ಕೆಳಗಿಳಿಸಬೇಕು.

ಒಳದಂಡೆಯ ಮರಳನ್ನು ಮಿತಿಮೀರಿ ತೆಗೆಯುವುದರ ಪರಿಣಾಮವನ್ನೂ ಇದೇ ನಿಯಮಗಳಿಂದ ತಿಳಿಯಬಹುದು. ತೆಗೆದ ಗುಂಡಿಯು ತುಂಬುವ ತನಕ ಮೇಲಿನಿಂದ ಬರುವ ಮರಳನ್ನೆಲ್ಲ ಅದೇ ನುಂಗುವುದು. ಗುಂಡಿಯನ್ನು ದಾಟಿದ ನೀರು ಮರಳಿನ ಹೊರೆಯಿಲ್ಲದೆ ಹಸಿದಿರುವುದರಿಂದ ಕೆಳಗಣ ತಳವನ್ನೂ ದಂಡೆಯನ್ನೂ ಕೊರೆದು ಹೊರೆ ತುಂಬಿಕೊಳ್ಳುವುದು. ತಳವು ಒಂದಡಿ ತಗ್ಗಿದರೆ ದಂಡೆಯು ಒಂದಡಿ ಎತ್ತರವಾದಂತಾಗಿ ಬುಡವು ಬಯಲಾಗುವುದು. ಮರಳು ತೆಗೆದ ಊರೊಂದು, ದಂಡೆ ಕಳೆದುಕೊಳ್ಳುವ ಊರು ಇನ್ನೊಂದು ಆಗಬಹುದಾದುದರಿಂದ, ಹೊರದಂಡೆಯ ಕುಸಿತವು ಇದ್ದಕ್ಕಿದ್ದಂತೆ ಹೆಚ್ಚಿದ ವರ್ಷದಲ್ಲಿ ಮುಖಂಡರು ತಮ್ಮ ದಂಡೆಯನ್ನು ಮಾತ್ರವಲ್ಲದೆ ಮೇಲಣ ಎರಡು ಮೂರು ಬಾಗುಗಳ ತನಕ ನಡೆದು ನೋಡಿ ಬರುವುದು ಆವಶ್ಯಕ. ನೋಡಿದ ತಾರೀಖು, ಕಲ್ಲಿನಿಂದ ಅಂಚಿಗಿರುವ ಅಳತೆ, ಪೂರ ಏರಿದ ಗುರುತು, ಈ ಮೂರನ್ನು ಊರಿನ ಒಂದು ಪುಸ್ತಕದಲ್ಲಿ ವರ್ಷವರ್ಷವೂ ಬರೆದಿಟ್ಟರೆ, ದಂಡೆಯ ಯಾವ ಭಾಗಕ್ಕೆ ಮೊದಲು ಕಲ್ಲು ಹಾಕಬೇಕೆಂಬುದೂ, ಯಾವ ಹೊಲದಲ್ಲಿ ತೋಟವಿಡಬಾರದೆಂಬುದೂ ಹತ್ತು ವರ್ಷಗಳೊಳಗೆ ಆ ಪುಸ್ತಕದಿಂದಲೇ ತಿಳಿದುಬರುವುದು.